ರಾತ್ರಿ ಕುಕ್ಕರ್‌ನಲ್ಲೇ ಉಳಿದ ಹುಳಿ ಬೆಳಿಗ್ಗೆ ತಿನ್ನಬಹುದಾ?

"ರಾತ್ರಿ ಮಾಡಿದ ಬೇಳೆ ಹುಳಿಯನ್ನು ಕುಕ್ಕರ್‌ನಲ್ಲೇ ಮುಚ್ಚಳ ಬಿಗಿದು ಬಿಟ್ಟಿದ್ದೆ. ಗಾಳಿಯೇ ಆಡಲ್ಲವಲ್ಲ, ಕೆಟ್ಟಿರುತ್ತಾ?"

ಬಿಗಿ ಮುಚ್ಚಳ ಅದನ್ನು ಕಾಪಾಡುವುದಿಲ್ಲ. ಹೊರಗೇ ಇಟ್ಟಿದ್ದರೆ ಚೆಲ್ಲಿಬಿಡಿ.

ಕೂಗುವಾಗ ಒಳಗೆ ಸುಮಾರು 120 ಡಿಗ್ರಿ ಇರುತ್ತದೆ, ನಿಜ. ಆದರೆ ಆಮೇಲೆ ನೀವು ಮುಚ್ಚಳ ತೆಗೆದು ಒಗ್ಗರಣೆ ಹಾಕಿದಿರಿ, ಸೌಟು ಅದ್ದಿ ಬಡಿಸಿದಿರಿ. ಕ್ರಿಮಿಗಳು ಒಳಗೆ ಹೋಗಲು ಅಷ್ಟು ಸಾಕು. ತೆಗೆಯದೇ ಇದ್ದರೂ ತಣ್ಣಗಾಗುವಾಗ ಒಳಗಿನ ಆವಿ ನೀರಾಗಿ, ವೆಯಿಟ್ ಕೂರುವ ತೂತಿನಿಂದ ಹೊರಗಿನ ಗಾಳಿ ಒಳಕ್ಕೆ ಎಳೆದುಕೊಳ್ಳುತ್ತದೆ. ಕುಕ್ಕರ್ ಅಂದರೆ ಸೀಲ್ ಮಾಡಿದ ಡಬ್ಬಿಯಲ್ಲ.

ಅದಕ್ಕಿಂತ ದೊಡ್ಡ ತೊಂದರೆ ಬಿಸಿಯದು. ದಪ್ಪ ತಳ, ಮುಚ್ಚಿದ ಬಾಯಿ, ಗಟ್ಟಿ ಬೇಳೆ: ರಾತ್ರಿ ಒಂಬತ್ತಕ್ಕೆ ಇಳಿಸಿದ್ದು ಗಂಟೆಗಟ್ಟಲೆ ಉಗುರುಬೆಚ್ಚಗೇ ಇರುತ್ತದೆ. 60 ಡಿಗ್ರಿಯಿಂದ ಕೆಳಗಿನ ಆ ಬೆಚ್ಚಗಿನ ಹದದಲ್ಲೇ ಬ್ಯಾಕ್ಟೀರಿಯಾ ಬೇಗ ಹೆಚ್ಚುವುದು. ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್ ಎಂಬುದಕ್ಕಂತೂ ಗಾಳಿ ಕಡಿಮೆಯಾದಷ್ಟೂ ಖುಷಿ.

ಮೇಲೆ ನೊರೆ, ಲೋಳೆ, ಹಳಸಿದ ವಾಸನೆ ಇದ್ದರೆ ಕೆಟ್ಟಿದೆ ಎಂದೇ ಲೆಕ್ಕ. ಇಲ್ಲದಿದ್ದರೆ ಚೆನ್ನಾಗಿದೆ ಎನ್ನುವಂತಿಲ್ಲ, ಮೂಗಿಗೆ ಎಲ್ಲವೂ ಗೊತ್ತಾಗುವುದಿಲ್ಲ. ಮತ್ತೆ ಕುದಿಸಿದರೂ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾ ಬಿಟ್ಟ ವಾಂತಿ ತರಿಸುವ ವಿಷ ಹೋಗುವುದಿಲ್ಲ.

ಇನ್ನು ಮುಂದೆ ಊಟ ಮುಗಿದ ಕೂಡಲೇ ಅಗಲವಾದ ಸ್ಟೀಲ್ ಪಾತ್ರೆಗೆ ತೆಳ್ಳಗೆ ಬಗ್ಗಿಸಿ, ನೀರಿನ ತಟ್ಟೆಯಲ್ಲಿಟ್ಟು ಆರಿಸಿ, ಎರಡು ಗಂಟೆಯೊಳಗೆ ಫ್ರಿಜ್‌ಗೆ ಸೇರಿಸಿ. ಬೆಳಿಗ್ಗೆ ಬೇಕಾದಷ್ಟನ್ನೇ ತೆಗೆದು ಮರಳುವಂತೆ ಕುದಿಸಿ.