ಹೀಲಿಯಂ ದಾಟಿ ಮುಂದಕ್ಕೆ ಹೋಗಲಿಲ್ಲವೇಕೆ?

ಪ್ರಶ್ನೆ: ಮಹಾಸ್ಫೋಟದ ಮೊದಲ ನಿಮಿಷಗಳಲ್ಲಿ ನಕ್ಷತ್ರದ ಒಡಲಿಗಿಂತ ಹೆಚ್ಚು ಶಾಖ ಇತ್ತಂತೆ. ಹಾಗಿದ್ದೂ ಇಂಗಾಲ, ಆಮ್ಲಜನಕ ಆಗದೆ ಹೀಲಿಯಂ ಮತ್ತು ಚೂರು ಲಿಥಿಯಂಗೇ ನಿಂತಿದ್ದೇಕೆ? ಬಿಡಿ ನ್ಯೂಟ್ರಾನ್ ಹತ್ತು ನಿಮಿಷದಲ್ಲಿ ಒಡೆಯುತ್ತದೆ ಅಂತಾರೆ. ಮತ್ತೆ ಅವು ಉಳಿದದ್ದು ಹೇಗೆ?

ಉತ್ತರ: ಶಾಖ ಅತಿಯಾದದ್ದೇ ತೊಡಕಾಯಿತು. ನ್ಯೂಕ್ಲಿಯಸ್‌ಗಳು ಡಿಕ್ಕಿ ಹೊಡೆದು ಕೂಡಿಕೊಳ್ಳಲು ಶಾಖ ಬೇಕು, ನಿಜ. ಆದರೆ ಕೂಡಿದ್ದು ಒಡೆಯದೆ ಉಳಿಯಬೇಕಾದರೆ ವಿಶ್ವ ಸಾಕಷ್ಟು ತಣಿದಿರಬೇಕು. ಅದು ತಣಿಯುವಷ್ಟರಲ್ಲಿ ನ್ಯೂಟ್ರಾನ್‌ಗಳು ಸವೆಯುತ್ತಾ ಹೋದವು, ವಸ್ತುವೂ ತೆಳುವಾಯಿತು.

ಮೊದಲ ಸೆಕೆಂಡಿನಿಂದ ನೋಡೋಣ. ಆಗ ಉಷ್ಣತೆ ಸುಮಾರು 1000 ಕೋಟಿ ಕೆಲ್ವಿನ್. ಅದಕ್ಕೂ ಮೊದಲು ನ್ಯೂಟ್ರಿನೊ, ಎಲೆಕ್ಟ್ರಾನ್, ಪಾಸಿಟ್ರಾನ್‌ಗಳ ಡಿಕ್ಕಿಯಿಂದ ಪ್ರೋಟಾನ್ ನ್ಯೂಟ್ರಾನ್ ಆಗುವುದು, ನ್ಯೂಟ್ರಾನ್ ಪ್ರೋಟಾನ್ ಆಗುವುದು ಎಡೆಬಿಡದೆ ನಡೆದಿತ್ತು. ನ್ಯೂಟ್ರಾನ್ ತುಸು ಭಾರ, ಹಾಗಾಗಿ ವಿಶ್ವ ತಣಿದಂತೆ ಪ್ರೋಟಾನ್‌ಗಳ ಕೈ ಮೇಲಾಯಿತು. ಕೆಲವೇ ಸೆಕೆಂಡುಗಳಲ್ಲಿ ಡಿಕ್ಕಿಗಳು ವಿರಳವಾಗಿ ಈ ಅದಲುಬದಲು ನಿಂತೇಹೋಯಿತು. 1000 ಕಣಗಳನ್ನು ಲೆಕ್ಕಕ್ಕೆ ಹಿಡಿದರೆ ಆಗ ಉಳಿದದ್ದು ಸುಮಾರು 160 ನ್ಯೂಟ್ರಾನ್, 840 ಪ್ರೋಟಾನ್.

ಇಲ್ಲಿಂದ ಮುಂದೆ ನ್ಯೂಟ್ರಾನ್ ತಾನಾಗಿಯೇ ಪ್ರೋಟಾನ್, ಎಲೆಕ್ಟ್ರಾನ್, ಆಂಟಿನ್ಯೂಟ್ರಿನೊ ಆಗಿ ಒಡೆಯುವುದಷ್ಟೇ ಬಾಕಿ. ನೀವು ಹೇಳಿದ ಹತ್ತು ನಿಮಿಷ ಅದರ ಅರ್ಧಾಯು, ಅಂದರೆ ಅರ್ಧದಷ್ಟು ನ್ಯೂಟ್ರಾನ್‌ಗಳು ಒಡೆಯಲು ಹಿಡಿಯುವ ಹೊತ್ತು. ಲೆಕ್ಕಕ್ಕೆ ಬಳಸುವುದು ಸರಾಸರಿ ಆಯಸ್ಸನ್ನು, ಅದು ಸುಮಾರು 880 ಸೆಕೆಂಡ್. ಇವೆರಡನ್ನು ಅದಲುಬದಲು ಮಾಡಿಕೊಂಡರೆ ಹೀಲಿಯಂ ಪ್ರಮಾಣ ತಪ್ಪಾಗಿ ಬರುತ್ತದೆ.

ನ್ಯೂಟ್ರಾನ್ ಬದುಕುಳಿಯಲು ಯಾವುದಾದರೂ ನ್ಯೂಕ್ಲಿಯಸ್ ಒಳಗೆ ಸೇರಿಕೊಳ್ಳಬೇಕು. ಮೊದಲ ಹೆಜ್ಜೆ ಡ್ಯೂಟೀರಿಯಂ: ಒಂದು ಪ್ರೋಟಾನ್, ಒಂದು ನ್ಯೂಟ್ರಾನ್. ಆದರೆ ಅದರ ಬಂಧ ಬಹಳ ಸಡಿಲ, ನ್ಯೂಕ್ಲಿಯಸ್‌ಗಳ ಶಕ್ತಿ ಅಳೆಯುವ ಮಾನದಲ್ಲಿ ಬರೀ 2.2 ಎಂಇವಿ. ಆಗ ಪ್ರತಿ ಕಣಕ್ಕೆ 160 ಕೋಟಿಗೂ ಹೆಚ್ಚು ಫೋಟಾನ್‌ಗಳಿದ್ದವು. ಸರಾಸರಿ ಫೋಟಾನ್‌ಗೆ ಡ್ಯೂಟೀರಿಯಂ ಒಡೆಯುವ ಬಲ ಇಲ್ಲದಾದ ಮೇಲೂ, ಅಷ್ಟೊಂದರ ನಡುವೆ ಬಲಿಷ್ಠವಾದವು ಕೆಲವಿದ್ದರೆ ಸಾಕು, ಹುಟ್ಟಿದ ಡ್ಯೂಟೀರಿಯಂ ಎಲ್ಲ ಚೂರಾಗುತ್ತದೆ. ಉಷ್ಣತೆ 80-90 ಕೋಟಿ ಕೆಲ್ವಿನ್‌ಗೆ ಇಳಿಯುವವರೆಗೂ ಹೀಗೇ ನಡೆಯಿತು. ಇಡೀ ವಿಳಂಬಕ್ಕೆ ಕಾರಣ ಈ ಒಂದು ಹೆಜ್ಜೆ.

ಅಷ್ಟರಲ್ಲಿ ಸುಮಾರು 230 ಸೆಕೆಂಡ್ ಕಳೆದಿತ್ತು. ಈಗ ಲೆಕ್ಕ ಹಾಕಿ:

160 × e^(−230/880) ≈ 123

37 ನ್ಯೂಟ್ರಾನ್‌ಗಳು ಒಡೆದು ಪ್ರೋಟಾನ್ ಆದವು, ಪ್ರೋಟಾನ್‌ಗಳು 877 ಆದವು. ಡ್ಯೂಟೀರಿಯಂ ನಿಲ್ಲತೊಡಗಿದ್ದೇ ತಡ, ಮೂರು ಮೂರು ಕಣಗಳ ಟ್ರೈಟಿಯಂ ಮತ್ತು ಹೀಲಿಯಂ-3ರ ಮೂಲಕ ಬಹುತೇಕ ಎಲ್ಲ ನ್ಯೂಟ್ರಾನ್‌ಗಳೂ ಹೀಲಿಯಂ-4 ಸೇರಿದವು. ಅದರ ಬಂಧ 28.3 ಎಂಇವಿ, ಹಗುರ ನ್ಯೂಕ್ಲಿಯಸ್‌ಗಳಲ್ಲಿ ಅಷ್ಟು ಗಟ್ಟಿ ಬೇರೊಂದಿಲ್ಲ. 123 ನ್ಯೂಟ್ರಾನ್ ತಮ್ಮೊಡನೆ 123 ಪ್ರೋಟಾನ್‌ಗಳನ್ನು ಸೇರಿಸಿಕೊಂಡರೆ 246. ಅಂದರೆ ತೂಕದಲ್ಲಿ ಶೇ 24.6 ಹೀಲಿಯಂ, ಉಳಿದದ್ದು ಹೈಡ್ರೋಜನ್. ಭಾರ ಮೂಲವಸ್ತುಗಳು ತೀರ ಕಡಿಮೆ ಇರುವ ಗೆಲಾಕ್ಸಿಗಳ ಅನಿಲದಲ್ಲಿ ಅಳೆದಾಗ ಸಿಗುವುದೂ ಹೆಚ್ಚುಕಡಿಮೆ ಇಷ್ಟೇ. ನ್ಯೂಟ್ರಾನ್ ಒಡೆಯದೇ ಇದ್ದಿದ್ದರೆ ಅದೇ 160ರ ಲೆಕ್ಕದಲ್ಲಿ ಇದು ಶೇ 32 ಆಗುತ್ತಿತ್ತು. ತದ್ವಿರುದ್ಧವಾಗಿ, ಅವೆಲ್ಲ ಮೊದಲೇ ಒಡೆದುಹೋಗಿದ್ದರೆ ಬರೀ ಹೈಡ್ರೋಜನ್ ಉಳಿಯುತ್ತಿತ್ತು. ಎರಡು ಪ್ರೋಟಾನ್‌ಗಳು ಕೂಡಿ ಡ್ಯೂಟೀರಿಯಂ ಆಗುವುದು ಎಷ್ಟು ನಿಧಾನವೆಂದರೆ, ಸೂರ್ಯನ ಒಡಲಲ್ಲೂ ಒಂದು ಪ್ರೋಟಾನ್ ಅದಕ್ಕಾಗಿ ಸರಾಸರಿ ನೂರಾರು ಕೋಟಿ ವರ್ಷ ಕಾಯಬೇಕು.

ಇನ್ನು ಹೀಲಿಯಂನಿಂದ ಆಚೆಗೆ. ಹೀಲಿಯಂ-4ಕ್ಕೆ ಒಂದು ಪ್ರೋಟಾನ್ ಅಥವಾ ನ್ಯೂಟ್ರಾನ್ ಸೇರಿಸಿದರೆ ದ್ರವ್ಯಸಂಖ್ಯೆ, ಅಂದರೆ ಪ್ರೋಟಾನ್ ನ್ಯೂಟ್ರಾನ್‌ಗಳ ಒಟ್ಟು ಎಣಿಕೆ, 5. ಎರಡು ಹೀಲಿಯಂ ಸೇರಿಸಿದರೆ 8. ಈ ಎರಡು ಸಂಖ್ಯೆಗಳಲ್ಲೂ ಸ್ಥಿರವಾದ ನ್ಯೂಕ್ಲಿಯಸ್ ಒಂದೂ ಇಲ್ಲ. ಬೆರಿಲಿಯಂ-8 ಸೆಕೆಂಡಿನ ಲಕ್ಷಕೋಟಿಯ ಒಂದು ಪಾಲಿಗಿಂತಲೂ ಬೇಗ ಒಡೆಯುತ್ತದೆ. ಕೆಂಪು ದೈತ್ಯ ನಕ್ಷತ್ರದ ಒಡಲಲ್ಲಿ ಅದು ಒಡೆಯುವ ಮೊದಲೇ ಮೂರನೆಯ ಹೀಲಿಯಂ ಬಂದು ಬಡಿದು ಇಂಗಾಲ ಆಗುವುದುಂಟು. ಅಲ್ಲಿ ಸಾಂದ್ರತೆ ನೀರಿನ ಸಾವಿರಾರು ಪಟ್ಟು, ಕಾಲಾವಕಾಶವೂ ಕೋಟ್ಯಂತರ ವರ್ಷ. ಆದಿವಿಶ್ವದಲ್ಲಿ ಆ ಹೊತ್ತಿಗೆ ಸಾಮಾನ್ಯ ವಸ್ತುವಿನ ಸಾಂದ್ರತೆ ನಾವು ಉಸಿರಾಡುವ ಗಾಳಿಯ ನೂರನೇ ಒಂದು ಪಾಲಿನಷ್ಟು, ಸಿಕ್ಕ ಸಮಯ ಇಪ್ಪತ್ತು ನಿಮಿಷಕ್ಕೆ ಹತ್ತಿರ. ಮೂರು ಹೀಲಿಯಂಗಳು ಒಂದೆಡೆ ಕೂಡುವ ಸಾಧ್ಯತೆಯೇ ಇರಲಿಲ್ಲ ಎನ್ನಬಹುದು.

ಲಿಥಿಯಂ ಬಂದದ್ದು 5ನ್ನು ಹಾರಿಕೊಂಡು. ಟ್ರೈಟಿಯಂ ಹೀಲಿಯಂ-4ರ ಜೊತೆ ಕೂಡಿದರೆ ನೇರವಾಗಿ ಲಿಥಿಯಂ-7. ಹೀಲಿಯಂ-3 ಕೂಡಿದರೆ ಬೆರಿಲಿಯಂ-7, ಅದು ಮುಂದೆ ಎಲೆಕ್ಟ್ರಾನ್ ಹಿಡಿದುಕೊಂಡು ಲಿಥಿಯಂ ಆಗುತ್ತದೆ. ಮಹಾಸ್ಫೋಟದಲ್ಲಿ ಆದ ಲಿಥಿಯಂನ ಹೆಚ್ಚಿನ ಪಾಲು ಎರಡನೆಯ ದಾರಿಯದು, ಏಕೆಂದರೆ ನೇರವಾಗಿ ಆದದ್ದನ್ನು ಪ್ರೋಟಾನ್‌ಗಳು ಬಡಿದು ಮತ್ತೆ ಎರಡು ಹೀಲಿಯಂ ಮಾಡಿಬಿಡುತ್ತವೆ. ಲೆಕ್ಕದ ಪ್ರಕಾರ 1000 ಕೋಟಿ ಹೈಡ್ರೋಜನ್‌ಗೆ ಸುಮಾರು 5 ಲಿಥಿಯಂ ಇರಬೇಕು, ಹಳೆಯ ನಕ್ಷತ್ರಗಳ ಮೇಲ್ಮೈಯಲ್ಲಿ ಕಾಣುವುದು ಅದರ ಮೂರನೇ ಒಂದು ಪಾಲು. ಆ ನಕ್ಷತ್ರಗಳೇ ಲಿಥಿಯಂ ಅನ್ನು ಒಳಗೆಳೆದು ಸುಟ್ಟಿರಬಹುದು ಎಂಬ ವಿವರಣೆ ನನಗೆ ಹೆಚ್ಚು ಸರಿ ಎನಿಸುತ್ತದೆ. ಅದೇ ಲೆಕ್ಕ ಡ್ಯೂಟೀರಿಯಂಗೆ ಕೊಡುವ ಉತ್ತರ, 10 ಲಕ್ಷ ಹೈಡ್ರೋಜನ್‌ಗೆ ಸುಮಾರು 25, ದೂರದ ಅನಿಲ ಮೋಡಗಳಲ್ಲಿ ಅಳೆದದ್ದಕ್ಕೆ ಸರಿಯಾಗಿ ಹೊಂದುತ್ತದೆ.