ಹಾಳಾದ ಕ್ಯಾಸೆಟ್ ರಿಪೇರಿ: ಕಥೆಗೆ ಬೇಕಾದ ವಿವರ

ಪ್ರಶ್ನೆ: ಸಣ್ಣ ಊರಿನ ರೇಡಿಯೊ ರಿಪೇರಿಯವನೊಬ್ಬ ಜನಪದ ಹಾಡುಗಾರನ ಹಾಳಾದ ಟೇಪು ಉಳಿಸುವ ಸಣ್ಣಕಥೆ ಬರೀತಿದೀನಿ. ಅವನು ನಿಜವಾಗಿ ಏನೇನು ಮಾಡ್ತಾನೆ?

ಕೊಳ್ಳೇಗಾಲದ ಕಡೆಯ ಕಂಸಾಳೆಯವರು ಮಾದಪ್ಪನ ಪದ ಹಾಡಿರುವ, ಸೈಡಿಗೆ ಮೂವತ್ತು ನಿಮಿಷದ ಸಿ-60 ಕ್ಯಾಸೆಟ್ ಅಂತಿಟ್ಟುಕೊಳ್ಳಿ. ಪ್ಲೇಯರ್ ರೀಲನ್ನು ಎಳೆದುಕೊಂಡು ಸುಕ್ಕು ಮಾಡಿದೆ, ಒಂದು ಕಡೆ ತುಂಡೂ ಆಗಿದೆ. ಅವನು ಮೊದಲು ನೋಡುವುದು ಡಬ್ಬಿಗೆ ಸ್ಕ್ರೂ ಇದೆಯಾ ಅಂತ. ಇದ್ದರೆ ಸುಲಭ. ಅಂಟಿಸಿದ ಡಬ್ಬಿಯಾದರೆ ಅಂಚಿನಲ್ಲಿ ಬ್ಲೇಡ್ ಆಡಿಸಿ ಬಿಡಿಸಬೇಕು, ಆಮೇಲೆ ರೀಲನ್ನು ಸ್ಕ್ರೂ ಇರುವ ಬೇರೆ ಡಬ್ಬಿಗೆ ಹಾಕಬೇಕು. ಎರಡರಲ್ಲೂ ಡಬ್ಬಿಯನ್ನು ಮೇಜಿನ ಮೇಲೆ ಮಲಗಿಸಿಯೇ ತೆರೆಯಬೇಕು. ಎತ್ತಿ ಹಿಡಿದರೆ ಸುರುಳಿ ಬಿಚ್ಚಿ ಹರಡಿಬಿಡುತ್ತದೆ.

ತುಂಡಾದ ಎರಡು ತುದಿಗಳನ್ನು ಒಂದರ ಮೇಲೊಂದಿಟ್ಟು ಒಟ್ಟಿಗೇ ಓರೆಯಾಗಿ ಕತ್ತರಿಸಿದರೆ ಸರಿಯಾಗಿ ಕೂಡುತ್ತವೆ. ಮ್ಯಾಗ್ನೆಟ್ ಹತ್ತಿದ ಬ್ಲೇಡ್ ಆದರೆ ಕೂಡಿದ ಜಾಗದಲ್ಲಿ ಟಪ್ ಅನ್ನುತ್ತದೆ. ಅಂಟುಪಟ್ಟಿ ಹಾಕುವುದು ಪ್ಲೇಯರಿನಲ್ಲಿ ದನಿ ಓದುವ ಹೆಡ್ಡಿಗೆ ತಾಗುವ ಮುಖಕ್ಕಲ್ಲ, ಹಿಂಬದಿಗೆ. ಸೆಲ್ಲೋಟೇಪ್ ಹಾಕಿಸಬೇಡಿ: ಅದರ ಗೋಂದು ಸೆಕೆಗೆ ಹೊರಗೆ ಜಿನುಗಿ ಪಕ್ಕದ ಸುತ್ತಿಗೂ ಅಂಟಿಕೊಳ್ಳುತ್ತದೆ. ಟೇಪು ಕೂಡಿಸಲೆಂದೇ ಸಿಗುವ ಪಟ್ಟಿ ಬೇಕು.

ನನ್ನ ಮಟ್ಟಿಗೆ ಕಥೆಗೆ ಒದಗುವ ಜಾಗ ಸುಕ್ಕಾದ ಭಾಗ. ಕ್ಯಾಸೆಟ್ ಓಡುವುದು ಸೆಕೆಂಡಿಗೆ 4.76 ಸೆಂ.ಮೀ. ಸುಕ್ಕಾಗಿರುವ ಹತ್ತು ಸೆಂ.ಮೀ. ಕತ್ತರಿಸಿ ಎಸೆದರೆ ಎರಡು ಸೆಕೆಂಡಿನ ಹಾಡು ಹೋಯಿತು. ಅಷ್ಟೇ ಅಲ್ಲ, ಎರಡೂ ಸೈಡು ಇರುವುದು ಒಂದೇ ರೀಲಿನ ಮೇಲೆ, ಎದುರುಬದುರು ದಿಕ್ಕಿನಲ್ಲಿ. ಎ ಸೈಡಿನ ಹತ್ತನೇ ನಿಮಿಷದಲ್ಲಿ ಕತ್ತರಿಸಿದರೆ ಬಿ ಸೈಡಿನ ಇಪ್ಪತ್ತನೇ ನಿಮಿಷದ ಹತ್ತಿರವೂ ಎರಡು ಸೆಕೆಂಡ್ ಮಾಯ. ಅದಕ್ಕೇ ಕಸುಬು ಬಲ್ಲವನು ಸುಕ್ಕನ್ನು ಕತ್ತರಿಸುವುದಿಲ್ಲ, ಮೆತ್ತಗಿನ ಬಟ್ಟೆಯಿಂದ ನೀವಿ ಮಟ್ಟಸ ಮಾಡುತ್ತಾನೆ. ಅಲ್ಲಿ ದನಿ ಕುಗ್ಗಿ ಏಳುತ್ತದೆ, ಆದರೆ ಪದ ಉಳಿಯುತ್ತದೆ. ಇಸ್ತ್ರಿಪೆಟ್ಟಿಗೆ ಮಾತ್ರ ಬೇಡ, ಪ್ಲಾಸ್ಟಿಕ್ ಮುದುಡುತ್ತದೆ.

ಹಾಕಿ ಕೇಳುವ ಮೊದಲು ಡಬ್ಬಿಯ ಹಿಂಬದಿಯ ಎರಡು ಪುಟ್ಟ ಪ್ಲಾಸ್ಟಿಕ್ ಚೂರುಗಳನ್ನು ಮುರಿಯಲಿ, ಆಗ ಕೈತಪ್ಪಿಯೂ ಮೇಲೆ ರೆಕಾರ್ಡ್ ಆಗದು. ಹೆಡ್ಡನ್ನು ಸ್ಪಿರಿಟ್ ಹತ್ತಿಯಲ್ಲಿ ಒರೆಸಿ ಒಣಗಲು ಬಿಡಲಿ. ಆಮೇಲೂ ದನಿ ಕಂಬಳಿ ಹೊದ್ದಂತೆ ಕೇಳಿದರೆ, ರೆಕಾರ್ಡ್ ಮಾಡಿದ ಸೆಟ್ಟಿನ ಹೆಡ್ಡು ಬೇರೆ ಓರೆಯಲ್ಲಿತ್ತು ಅನ್ನಿ. ಹೆಡ್ಡಿನ ಪಕ್ಕದಲ್ಲಿ ಸ್ಪ್ರಿಂಗ್ ಇರುವ ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸುತ್ತಾ ಕಂಚಿನ ತಾಳದ ಸದ್ದನ್ನೇ ಕೇಳುತ್ತಿರಬೇಕು. ಹಾಡುವ ದನಿಯಲ್ಲಿ ವ್ಯತ್ಯಾಸ ಅಷ್ಟು ಗೊತ್ತಾಗುವುದಿಲ್ಲ, ತಾಳ ಠಣ್ ಅಂತ ಚೂಪಾದಾಗ ನಿಲ್ಲಿಸುವುದು.

ನಂತರ ಸ್ಪೀಕರಿನ ಮುಂದೆ ಮೈಕ್ ಹಿಡಿಯದೆ, ಲೈನ್ ಔಟಿನಿಂದ ವೈರು ಎಳೆದು ಎರಡನೇ ಡೆಕ್ಕಿಗೋ ಕಂಪ್ಯೂಟರಿಗೋ ಪ್ರತಿ ಮಾಡಿಕೊಳ್ಳುತ್ತಾನೆ. ಮೇಲೆ ಬೇರೇನೋ ರೆಕಾರ್ಡ್ ಆಗಿ ಅಳಿಸಿಹೋದ ಹಾಡನ್ನು ಮಾತ್ರ ಅವನ ಕೈಯಲ್ಲಿ ವಾಪಸ್ ತರಿಸಬೇಡಿ, ಅದು ಆಗದ ಕೆಲಸ.