ಮುಳ್ಳು ತಪ್ಪಿದ ಗಡಿಯಾರ: ಸೈಕ್ಲೋಹೆಕ್ಸೇನ್ ಲೇಖನಕ್ಕೆ ಸಂಪಾದಕರ ಉತ್ತರ

"ಸರ್, ನಮಸ್ಕಾರ. ಬಿಎಸ್ಸಿ ವಿದ್ಯಾರ್ಥಿಗಳಿಗಾಗಿ ಸೈಕ್ಲೋಹೆಕ್ಸೇನಿನ ಚೇರ್ ರೂಪ ಮತ್ತು ನ್ಯೂಮನ್ ಚಿತ್ರಗಳ ಬಗ್ಗೆ ಲೇಖನ ಕಳಿಸಿದ್ದೇನೆ. ಟ್ರಾನ್ಸ್-1,2-ಡೈಮೀಥೈಲ್ ಸೈಕ್ಲೋಹೆಕ್ಸೇನನ್ನು ಉದಾಹರಣೆಯಾಗಿ ತೆಗೆದುಕೊಂಡಿದ್ದೇನೆ. ಪ್ರಕಟಿಸಬಹುದಾ? ತಪ್ಪಿದ್ದರೆ ನೇರವಾಗಿ ಹೇಳಿ."

ನಮಸ್ಕಾರ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಉದಾಹರಣೆ ಒಳ್ಳೆಯದು, ಭಾಷೆಯೂ ಸಲೀಸು. ಆದರೆ ಎರಡನೇ ಚಿತ್ರದಲ್ಲಿರುವ ಅಣುವಿನಲ್ಲಿ ರಿಂಗೇ ಇಲ್ಲ.

ಆ ಚಿತ್ರವನ್ನು ಇನ್ನೊಮ್ಮೆ ನೋಡಿ. C1 ಮುಂದೆ, C2 ಹಿಂದೆ. ಮುಂದಿನ ಇಂಗಾಲದಿಂದ C6 ಕಡೆಗೆ ಹೋಗುವ ಗೆರೆ ಬಲಕ್ಕಿದೆ, ಹಿಂದಿನದರಿಂದ C3 ಕಡೆಗೆ ಹೋಗುವುದು ಎಡಕ್ಕಿದೆ. ಎರಡರ ನಡುವೆ 180 ಡಿಗ್ರಿ. ಹೀಗೆ ಬೆನ್ನು ತಿರುಗಿಸಿ ಹೊರಟ ಎರಡು ಕೊಂಡಿಗಳನ್ನು ಉಳಿದ ಎರಡೇ ಇಂಗಾಲಗಳು ಸೇರಿಸಲಾರವು. ಚೇರ್‌ನಲ್ಲಿ ಈ ಎರಡು ಕೊಂಡಿಗಳು ಒಂದೇ ಬದಿಯಲ್ಲಿ, ಸುಮಾರು 60 ಡಿಗ್ರಿ ಅಂತರದಲ್ಲಿ ಇರಬೇಕು. ನ್ಯೂಮನ್ ಚಿತ್ರ ಬರೆದ ತಕ್ಷಣ ನೋಡಬೇಕಾದದ್ದು ಇದನ್ನೇ, ಮೀಥೈಲ್ ಆಮೇಲೆ.

ವಿದ್ಯಾರ್ಥಿಗಳಿಗೆ ಗಡಿಯಾರದ ಮುಖ ಇಟ್ಟುಕೊಂಡು ಹೇಳಿ. C1 ಚೇರ್‌ನ ಮೇಲಿನ ಮೂಲೆ ಅಂದುಕೊಳ್ಳೋಣ. ಅದರ ಆಕ್ಸಿಯಲ್ ಕೊಂಡಿ 12 ಗಂಟೆಗೆ, C6 ಕೊಂಡಿ 4 ಗಂಟೆಗೆ, ಇಕ್ವಟೋರಿಯಲ್ 8 ಗಂಟೆಗೆ. C2 ಕೆಳಗಿನ ಮೂಲೆ. ಅದರ ಆಕ್ಸಿಯಲ್ 6 ಗಂಟೆಗೆ, C3 ಕೊಂಡಿ 2 ಗಂಟೆಗೆ, ಇಕ್ವಟೋರಿಯಲ್ 10 ಗಂಟೆಗೆ. ಎರಡು ಗಂಟೆಯ ಅಂತರ ಅಂದರೆ 60 ಡಿಗ್ರಿ, ಅಂದರೆ ಗಾಶ್. ಆರು ಗಂಟೆಯ ಅಂತರ ಆ್ಯಂಟಿ. ಚೇರ್‌ನಿಂದ ನ್ಯೂಮನ್‌ಗೆ ಹೋಗುವುದು ಇಷ್ಟೇ. ವಾಪಸ್ ಬರುವಾಗಲೂ ಮೊದಲು 2 ಮತ್ತು 4ರ ಕೊಂಡಿಗಳನ್ನು ರಿಂಗ್‌ಗೆ ಸೇರಿಸಿ, ಆಮೇಲೆ ಉಳಿದವನ್ನು ಹಚ್ಚಿ.

ಈಗ ನಿಮ್ಮ ಟ್ರಾನ್ಸ್ ಅಣು. ಎರಡೂ ಮೀಥೈಲ್ ಆಕ್ಸಿಯಲ್ ಆಗಿದ್ದಾಗ ಒಂದು 12ಕ್ಕೆ, ಇನ್ನೊಂದು 6ಕ್ಕೆ. ರಿಂಗ್ ಫ್ಲಿಪ್ ಆದರೆ C1 ಕೆಳಗಿನ ಮೂಲೆಯಾಗುತ್ತದೆ. ಅದರ ಮೀಥೈಲ್ 10ಕ್ಕೆ ಬರುತ್ತದೆ, C2ದು 8ಕ್ಕೆ. "ಫ್ಲಿಪ್ ಆದಾಗ ಮೇಲಿನ ಗುಂಪು ಕೆಳಗೆ ಹೋಗುತ್ತದೆ" ಎಂದು ಬರೆದಿದ್ದೀರಿ. ಹಾಗಲ್ಲ. C1ರಲ್ಲಿ 10ರ ಮೀಥೈಲ್ ಈಗಲೂ 6ರ ಹೈಡ್ರೋಜನ್‌ಗಿಂತ ಮೇಲೇ ಇದೆ, ಅಲ್ವಾ? ಆಕ್ಸಿಯಲ್ ಇದ್ದದ್ದು ಇಕ್ವಟೋರಿಯಲ್ ಆಯಿತು, ಮೇಲಿದ್ದದ್ದು ಮೇಲೇ ಉಳಿಯಿತು. ಇಲ್ಲದಿದ್ದರೆ ಒಂದು ಗುಂಪು ಮಾತ್ರ ಬದಿ ಬದಲಿಸಿ ಟ್ರಾನ್ಸ್ ಹೋಗಿ ಸಿಸ್ ಆದೀತು. ನಿಮ್ಮ ಮೂರನೇ ಚಿತ್ರದಲ್ಲಿ ಆಗಿರುವುದು ಅದೇ.

ಶಕ್ತಿಯ ಲೆಕ್ಕ ಇನ್ನೊಂದು ತೊಂದರೆ. ಒಂದು ಆಕ್ಸಿಯಲ್ ಮೀಥೈಲ್‌ಗೆ ಎರಡು ಗಾಶ್ ಹಾಕಿದ್ದೀರಿ, ಒಂದಕ್ಕೆ 3.8 ಕಿಲೋಜೂಲ್‌ನಂತೆ, ಸರಿ. ಅದರ ಮೇಲೆ C3, C5ರ ಆಕ್ಸಿಯಲ್ ಹೈಡ್ರೋಜನ್‌ಗಳ ಜೊತೆಗಿನ ತಿಕ್ಕಾಟವನ್ನೂ ಕೂಡಿಸಿದ್ದೀರಿ. ಅದು ಬೇರೆಯದಲ್ಲ. C1–C2 ಕಡೆಯಿಂದ ನೋಡಿದರೆ ಮೀಥೈಲ್ ಮತ್ತು C3 ಗಾಶ್. ಬದಿಯಿಂದ ನೋಡಿದರೆ ಅದೇ ಮೀಥೈಲ್ C3ರ ಹೈಡ್ರೋಜನ್‌ಗೆ ಒತ್ತುತ್ತದೆ. ಒಂದೇ ಸಾಲ ಎರಡು ಸಲ ಬರೆದಂತಾಯಿತು. ಮೀಥೈಲ್ ಸೈಕ್ಲೋಹೆಕ್ಸೇನಿನಲ್ಲಿ ಅಳೆದು ತಿಳಿದಿರುವ ವ್ಯತ್ಯಾಸ ಮೋಲ್‌ಗೆ ಸುಮಾರು 7.3 ಕಿಲೋಜೂಲ್, ನಿಮ್ಮದು 15 ದಾಟಿದೆ. ಅಲ್ಲೇ ಅನುಮಾನ ಬರಬೇಕಿತ್ತು.

ಹಾಗಾದರೆ ಆಕ್ಸಿಯಲ್ ಜೋಡಿಗೆ ಗಾಶ್ ನಾಲ್ಕು, 15.2. ಇಕ್ವಟೋರಿಯಲ್ ಜೋಡಿಗೆ ನೀವು ಸೊನ್ನೆ ಬರೆದಿದ್ದೀರಿ. ಆದರೆ 10 ಮತ್ತು 8ರ ಮೀಥೈಲ್‌ಗಳೇ ಪರಸ್ಪರ ಗಾಶ್ ಆಗಿವೆ, 3.8. ವ್ಯತ್ಯಾಸ 11.4. ಕೋಣೆಯ ಉಷ್ಣಾಂಶದಲ್ಲಿ ಹೆಚ್ಚುಕಡಿಮೆ 99ಕ್ಕೆ 1ರ ಅನುಪಾತ. ಆ ಸೊನ್ನೆ ನ್ಯೂಮನ್ ಚಿತ್ರ ಬರೆಯದವರ ಸೊನ್ನೆ. ಬರೀ ಚೇರ್ ನೋಡಿದರೆ ಈ ಗಾಶ್ ಕಣ್ಣಿಗೆ ಬೀಳುವುದು ಕಷ್ಟ.

"ಎಲ್ಲ ಟ್ರಾನ್ಸ್ ಅಣುಗಳೂ ಹೆಚ್ಚು ಸ್ಥಿರ" ಎಂಬ ಸಾಲು ತೆಗೆಯಿರಿ. 1,3ರಲ್ಲಿ ಎರಡೂ ಇಕ್ವಟೋರಿಯಲ್ ಆಗುವುದು ಸಿಸ್‌ಗೆ. ಈ ಲೆಕ್ಕವನ್ನು ಬ್ರೋಮಿನ್‌ಗೂ ಸುಮ್ನೆ ಹಚ್ಚಬೇಡಿ. ಟ್ರಾನ್ಸ್-1,2-ಡೈಬ್ರೋಮೋ ಅಣುವಿನಲ್ಲಿ ಎರಡು ದ್ವಿಧ್ರುವಗಳು ಒಂದನ್ನೊಂದು ತಳ್ಳುತ್ತವೆ. ಹಾಗಾಗಿ ಧ್ರುವೀಯವಲ್ಲದ ದ್ರಾವಕದಲ್ಲಿ ಆಕ್ಸಿಯಲ್ ಜೋಡಿಯ ಪಾಲು ಜಾಸ್ತಿಯೇ ಇರುತ್ತದೆ.

ಹಾಸೆಲ್, ಬಾರ್ಟನ್ ಅವರ 1969ರ ನೊಬೆಲ್ ಬಗ್ಗೆ ಬರೆದ ಅರ್ಧ ಪುಟವನ್ನು ಎರಡು ಸಾಲಿಗೆ ಇಳಿಸಿ. ಉಳಿದ ಜಾಗದಲ್ಲಿ ಸಿಸ್-1,2 ಅಣುವಿನ ಎರಡೂ ಚೇರ್‌ಗಳನ್ನು, ಅವುಗಳ ನ್ಯೂಮನ್ ಚಿತ್ರಗಳನ್ನು ಬಿಡಿಸಿ ಕಳಿಸಿ. ಎರಡರಲ್ಲೂ ಮೂರು ಗಾಶ್ ಬರಬೇಕು, ಒಂದು C1–C2 ನೋಟದಲ್ಲಿ ಕಾಣುವುದಿಲ್ಲ.